87 ಸಾರಾಂಶ, 15 ಗೋಷ್ಠಿ, ಒಂದು ಪುಸ್ತಿಕೆ

ಪ್ರಶ್ನೆ: ಮೇಡಂ, ನೀರು ಮತ್ತು ಮಣ್ಣಿನ ಬಗ್ಗೆ ಎರಡು ದಿನದ ಸಮ್ಮೇಳನ ನಡೆಸ್ತಾ ಇದ್ದೇವೆ. 87 ಸಾರಾಂಶ ಆಯ್ಕೆಯಾಗಿವೆ, ಮೂರು ಹಾಲ್ ಇವೆ. ಹೋದ ಸಲ ಒಬ್ಬರನ್ನೇ ಒಂದೇ ಹೊತ್ತಿಗೆ ಎರಡು ಹಾಲ್‌ಗೆ ಹಾಕಿಬಿಟ್ಟಿದ್ದೆವು. ಪುಸ್ತಿಕೆಯಲ್ಲಿ ಒಂದೊಂದು ಸಾರಾಂಶ ಒಂದೊಂದು ಥರ ಕಾಣ್ತಿತ್ತು. ಪುಸ್ತಿಕೆಯ ಕೊನೆಯಲ್ಲಿದ್ದ ಲೇಖಕರ ಹೆಸರಿನ ಪಟ್ಟಿಯಲ್ಲಿ ಪುಟ ಸಂಖ್ಯೆಗಳೂ ತಪ್ಪಿದ್ದವು. ಈ ಸಲ ಎಲ್ಲಿಂದ ಶುರು ಮಾಡಲಿ?

ಉತ್ತರ: ಪುಸ್ತಿಕೆಯನ್ನು ಸದ್ಯಕ್ಕೆ ಮರೆತುಬಿಡಿ. ನೀವು ಹೇಳಿದ ಮೂರೂ ತೊಂದರೆಗೆ ಬೇರು ಒಂದೇ: ಕೆಲಸವನ್ನು ವರ್ಡ್ ಫೈಲಿನಲ್ಲಿ ಶುರು ಮಾಡಿದ್ದು. ಮೊದಲು ಒಂದು ಎಕ್ಸೆಲ್ ಹಾಳೆ ಮಾಡಿ. ಒಂದು ಸಾಲಿಗೆ ಒಂದು ಸಾರಾಂಶ. ಯಾವ ಬದಲಾವಣೆ ಬಂದರೂ ಮೊದಲು ಆ ಹಾಳೆಯಲ್ಲೇ ಆಗಬೇಕು. ಪುಸ್ತಿಕೆ ಅದನ್ನು ನೋಡಿಕೊಂಡು ಕೊನೆಗೆ ತಯಾರಾಗುತ್ತದೆ.

ಪ್ರತಿ ಸಾರಾಂಶಕ್ಕೂ ಬಂದ ದಿನವೇ ಒಂದು ಸಂಖ್ಯೆ ಕೊಡಿ. ಅದು ಕೊನೆತನಕ ಬದಲಾಗಬಾರದು. ನಾನು 101ರಿಂದ ಶುರು ಮಾಡುತ್ತೇನೆ. 001 ಅಂತ ಕೊಟ್ಟರೆ ಎಕ್ಸೆಲ್ ಮುಂದಿನ ಸೊನ್ನೆಗಳನ್ನು ನುಂಗಿ ಬರೀ 1 ಮಾಡುತ್ತದೆ. ಆಮೇಲೆ ಫೈಲಿನ ಹೆಸರಿಗೂ ಹಾಳೆಗೂ ತಾಳೆಯಾಗುವುದಿಲ್ಲ. ಗೋಷ್ಠಿ, ಹಾಲ್, ಸರದಿ ಎಲ್ಲ ಬೇರೆ ಬೇರೆ ಕಾಲಂಗಳು, ಅವು ಎಷ್ಟು ಸಲ ಬೇಕಾದರೂ ಬದಲಾಗಲಿ. 137ನೇ ಸಾರಾಂಶ ಯಾವ ಹಾಲ್‌ಗೆ ಹೋದರೂ 137ನೇದೇ.

ಇನ್ನು ಜಾಗದ ಲೆಕ್ಕ. ಸಾರಾಂಶ ಓದುವುದಕ್ಕೆ ಮುಂಚೆಯೇ ಇದು ಆಗಬೇಕು. ಮೊದಲ ದಿನ ಬೆಳಗ್ಗೆ ಉದ್ಘಾಟನೆ ಮತ್ತು ಎಲ್ಲರೂ ಒಟ್ಟಿಗೆ ಕೂತು ಕೇಳುವ ಉಪನ್ಯಾಸ ಅಂದುಕೊಳ್ಳೋಣ. ಉಳಿದದ್ದು ಆ ದಿನ ಮಧ್ಯಾಹ್ನ ಎರಡು ಅವಧಿ, ಮರುದಿನ ಮೂರು ಅವಧಿ. ಐದು ಅವಧಿ, ಮೂರು ಹಾಲ್, ಅಂದರೆ 15 ಗೋಷ್ಠಿ. ಒಬ್ಬರಿಗೆ ಪ್ರಶ್ನೆಯೂ ಸೇರಿ 20 ನಿಮಿಷ, 100 ನಿಮಿಷದ ಗೋಷ್ಠಿಗೆ ಐದು ಜನ. ಒಟ್ಟು 75 ಜಾಗ. ನಿಮ್ಮ ಹತ್ತಿರ ಇರುವುದು 87.

ಇಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 15 ನಿಮಿಷ ಮಾಡಿ ಎಲ್ಲರನ್ನೂ ತುರುಕುತ್ತಾರೆ. ಹಾಗೆ ಮಾಡಬೇಡಿ ಅಂತ ನನ್ನ ಸಲಹೆ. ಹಾಲ್ ಬದಲಾಯಿಸುವ ಹೊತ್ತು, ಪೆನ್‌ಡ್ರೈವ್ ಚುಚ್ಚುವ ಹೊತ್ತು ಎಲ್ಲ ಕಳೆದರೆ ಪ್ರಶ್ನೆಗೆ ಏನೂ ಉಳಿಯುವುದಿಲ್ಲ. ಅದರ ಬದಲು ಅರ್ಜಿಯಲ್ಲಿ ‘ಭಾಷಣವಾದರೂ ಸರಿ, ಪೋಸ್ಟರ್ ಆದರೂ ಸರಿ’ ಅಂತ ಟಿಕ್ ಹಾಕಿದವರನ್ನು ಕೇಳಿ 14 ಜನರನ್ನು ಪೋಸ್ಟರ್‌ಗೆ ಕಳಿಸಿ. ಉಳಿದವರು 73. ಅಂದರೆ ಐದೈದು ಜನರ 13 ಗೋಷ್ಠಿ, ನಾಲ್ಕು ನಾಲ್ಕು ಜನರ ಎರಡು ಗೋಷ್ಠಿ. ಎರಡು ಜಾಗ ಖಾಲಿ ಉಳಿದವು ಅಲ್ವಾ, ಅವನ್ನು ತುಂಬಬೇಡಿ. ಕೊನೆ ಗಳಿಗೆಯಲ್ಲಿ ಯಾರನ್ನಾದರೂ ಸರಿಸಬೇಕಾಗಿ ಬರುತ್ತದೆ. ಆಗ ಇಡೀ ಪಟ್ಟಿ ಕಲಕದೆ ಉಳಿಯುವುದು ಈ ಎರಡು ಖಾಲಿ ಜಾಗಗಳಿಂದಲೇ.

ಈಗ ವಿಂಗಡಣೆ. ಇದನ್ನು ನಾನು ಈಗಲೂ ಕಂಪ್ಯೂಟರಿನಲ್ಲಿ ಮಾಡುವುದಿಲ್ಲ. ಒಂದೊಂದು ಸಾರಾಂಶಕ್ಕೆ ಒಂದು ಚೀಟಿ. ಅದರಲ್ಲಿ ಸಂಖ್ಯೆ, ಶೀರ್ಷಿಕೆ, ಮಂಡಿಸುವವರ ಹೆಸರು. ಕೆಳಗೆ ಪೆನ್ಸಿಲಿನಲ್ಲಿ ಒಂದೇ ಸಾಲು: ಇವರು ಕೇಳಿಕೊಂಡಿರುವ ಪ್ರಶ್ನೆ ಏನು? ಈ ಸಾಲಿಗೋಸ್ಕರ ಸಾರಾಂಶವನ್ನು ಕೊನೆವರೆಗೂ ಓದಲೇಬೇಕು, ಬೇರೆ ದಾರಿ ಇಲ್ಲ. ಶೀರ್ಷಿಕೆಯನ್ನು ಅಥವಾ ಲೇಖಕರು ಕೊಟ್ಟ ಮುಖ್ಯಪದಗಳನ್ನು ನಂಬಿದರೆ ಕೆಟ್ಟಿರಿ. ಅವರು ಬಳಸಿದ ಸಾಧನದ ಹೆಸರನ್ನು ಮುಖ್ಯಪದ ಅಂತ ಕೊಟ್ಟಿರುತ್ತಾರೆ. ಉಪಗ್ರಹ ಚಿತ್ರ ಬಳಸಿದವರನ್ನೆಲ್ಲ ಒಂದು ಗೋಷ್ಠಿಗೆ ಹಾಕಿದರೆ ನೋಡಲು ಚೆನ್ನಾಗಿರುತ್ತದೆ. ಆದರೆ ಒಬ್ಬರು ಕೆರೆಯ ಹೂಳಿನ ಬಗ್ಗೆ, ಇನ್ನೊಬ್ಬರು ಬೆಳೆಯ ತೇವಾಂಶದ ಬಗ್ಗೆ ಮಾತಾಡುತ್ತಾರೆ. ಕೇಳುವವರಿಗೆ ಒಂದರಿಂದ ಇನ್ನೊಂದಕ್ಕೆ ಕೊಂಡಿಯೇ ಸಿಗುವುದಿಲ್ಲ. ವಿಧಾನವೇ ಚರ್ಚೆಯ ವಿಷಯವಾಗಿದ್ದರೆ ಮಾತ್ರ ವಿಧಾನದ ಮೇಲೆ ಗುಂಪು ಮಾಡಿ.

ಮೊದಲ ಸುತ್ತಿನಲ್ಲಿ ‘ಐದೈದು’ ಅನ್ನುವ ಲೆಕ್ಕ ತಲೆಯಲ್ಲಿ ಇರಬಾರದು. ಸುಮ್ನೆ ರಾಶಿ ಮಾಡುತ್ತಾ ಹೋಗಿ. ಅಂತರ್ಜಲದ ರಾಶಿಯಲ್ಲಿ 17 ಚೀಟಿ ಬಂತು ಅಂತಿಟ್ಟುಕೊಳ್ಳಿ. ಪೆನ್ಸಿಲ್ ಸಾಲು ನೋಡಿ ಒಡೆದರೆ ನೀರಿನ ಮಟ್ಟ ಇಳಿದದ್ದರ ಬಗ್ಗೆ 6, ಫ್ಲೋರೈಡ್ ಮತ್ತು ನೈಟ್ರೇಟ್ ಬಗ್ಗೆ 7, ಮರುಪೂರಣದ ಬಗ್ಗೆ 4. ನಮಗೆ ಬೇಕಾದ್ದು 5, 5, 5. ಆ ಆರರಲ್ಲಿ ಒಬ್ಬರು ಚೆಕ್‌ಡ್ಯಾಮ್ ಕಟ್ಟುವ ಮುಂಚೆ ಮತ್ತು ನಂತರ ಬಾವಿಗಳ ಮಟ್ಟ ಅಳೆದಿದ್ದಾರೆ. ಶೀರ್ಷಿಕೆಯಲ್ಲಿ ‘ಮಟ್ಟ’ ಅಂತ ಇದ್ದರೂ ಅವರ ಪ್ರಶ್ನೆ ಮರುಪೂರಣದ್ದೇ. ಅವರನ್ನು ಅಲ್ಲಿಗೆ ಸರಿಸಿದರೆ 5, 7, 5. ಏಳರಲ್ಲಿ ಇಬ್ಬರು ಫ್ಲೋರೈಡ್ ಎಲ್ಲಿದೆ ಅಂತ ಹುಡುಕುತ್ತಿಲ್ಲ, ಅದನ್ನು ಸೋಸುವ ಫಿಲ್ಟರ್ ಮಾಡಿದ್ದಾರೆ. ಅವರು ನೀರಿನ ಶುದ್ಧೀಕರಣದ ರಾಶಿಗೆ. ಈಗ ಮೂರು ಗೋಷ್ಠಿ ಸರಿಯಾಗಿ ಕೂತವು. ಯಾರನ್ನೂ ಎಳೆದು ತಂದು ಕೂರಿಸಿಲ್ಲ.

ಎಲ್ಲೂ ಸೇರದ ಎರಡು ಮೂರು ಚೀಟಿ ಉಳಿದೇ ಉಳಿಯುತ್ತವೆ. ಅವುಗಳನ್ನು ಸೇರಿಸಿ ‘ಇತರೆ ವಿಷಯಗಳು’ ಅಂತ ಗೋಷ್ಠಿ ಮಾಡಬೇಡಿ, ಅದಕ್ಕೆ ಕೇಳುಗರೇ ಬರುವುದಿಲ್ಲ. ಒಂದೊಂದನ್ನು ಹತ್ತಿರದ ಗೋಷ್ಠಿಯ ಕೊನೆಗೆ ಸೇರಿಸಿ. ಗೋಷ್ಠಿಯ ಹೆಸರನ್ನು ಚೀಟಿಗಳೆಲ್ಲ ಕೂತ ಮೇಲೆ ಇಡಿ. ಮೊದಲೇ ಹೆಸರಿಟ್ಟರೆ ಆಮೇಲೆ ಸಾರಾಂಶವನ್ನು ಹೆಸರಿಗೆ ತಕ್ಕಂತೆ ಬಗ್ಗಿಸುವ ಕೆಲಸ ಶುರುವಾಗುತ್ತದೆ.

15 ಗೋಷ್ಠಿಗಳನ್ನು ಅವಧಿಗಳಿಗೆ ಹಂಚುವಾಗ ಕಟ್ಟುಪಾಡು ಜಾಸ್ತಿ ಇರುವುದನ್ನು ಮೊದಲು ಕೂರಿಸಿ. ಒಂದೇ ದಿನ ಬಂದು ಹೋಗುವವರು, ದೂರದಿಂದ ಆನ್‌ಲೈನ್‌ನಲ್ಲಿ ಮಾತಾಡುವವರು ಇರುವ ಗೋಷ್ಠಿಗಳು ಮೊದಲು. ಆಮೇಲೆ ಅಂತರ್ಜಲದ ಮೂರು ಗೋಷ್ಠಿ. ಅವಕ್ಕೆ ಕೇಳುಗರು ಹೆಚ್ಚೂಕಡಿಮೆ ಒಂದೇ ಗುಂಪು, ಹಾಗಾಗಿ ಮೂರನ್ನೂ ಬೇರೆ ಬೇರೆ ಅವಧಿಗೆ ಹಾಕಿ, ಆದರೆ ಸಾಧ್ಯವಾದರೆ ಒಂದೇ ಹಾಲ್‌ಗೆ. ಉಳಿದವು ತಾವಾಗಿ ಕೂರುತ್ತವೆ.

ಗೋಷ್ಠಿಯ ಒಳಗಿನ ಸರದಿಗೆ ನನ್ನದು ಎರಡೇ ನಿಯಮ. ಇಡೀ ವಿಷಯದ ಹರವನ್ನು ತೋರಿಸುವವರು ಮೊದಲು, ಚಿಕ್ಕ ಜಾಗವನ್ನು ಆಳವಾಗಿ ನೋಡಿದವರು ಆಮೇಲೆ. ಬರುತ್ತಾರೋ ಇಲ್ಲವೋ ಅನ್ನುವ ಅನುಮಾನ ಇದ್ದವರು ಕೊನೆಗೆ. ಅವರು ತಪ್ಪಿಸಿಕೊಂಡರೆ ಗೋಷ್ಠಿ 20 ನಿಮಿಷ ಬೇಗ ಮುಗಿಯುತ್ತದೆ, ಅಷ್ಟೇ.

ಇನ್ನು ಒಬ್ಬರೇ ಎರಡು ಕಡೆ ಇರುವ ತೊಂದರೆ. ಇದನ್ನು ಕಣ್ಣಿಂದ ಹುಡುಕಬೇಡಿ. ಹಾಳೆಯಲ್ಲಿ D ಕಾಲಂನಲ್ಲಿ ಮಂಡಿಸುವವರ ಇಮೇಲ್, E ಕಾಲಂನಲ್ಲಿ ಅವಧಿಯ ಸಂಖ್ಯೆ ಇದ್ದರೆ ಖಾಲಿ ಕಾಲಂ ಒಂದರಲ್ಲಿ ಈ ಸೂತ್ರ ಹಾಕಿ ಕೆಳಗಿನತನಕ ಎಳೆಯಿರಿ:

```
=COUNTIFS($D$2:$D$88,D2,$E$2:$E$88,E2)
```

ಉತ್ತರ 1 ಬಂದರೆ ಸರಿ, ಅವಧಿ ಖಾಲಿ ಇರುವ ಪೋಸ್ಟರ್ ಸಾಲುಗಳಲ್ಲಿ 0 ಬಂದರೂ ಸರಿ. 2 ಬಂದರೆ ಆ ವ್ಯಕ್ತಿ ಒಂದೇ ಅವಧಿಯಲ್ಲಿ ಎರಡು ಸಲ ಇದ್ದಾರೆ. ಎರಡೂ ಒಂದೇ ಹಾಲ್‌ನಲ್ಲಿ ಹಿಂದೆ ಮುಂದೆ ಇದ್ದರೆ ನಡೆಯುತ್ತದೆ, ಬೇರೆ ಹಾಲ್ ಆದರೆ ಸರಿಸಬೇಕು. ಹೆಸರಿನ ಬದಲು ಇಮೇಲ್ ಯಾಕೆ ಅಂದರೆ, ಒಬ್ಬರೇ ಒಂದು ಕಡೆ ಇನಿಶಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ ಬರೆದಿರುತ್ತಾರೆ. ಎಕ್ಸೆಲ್ ಕಣ್ಣಿಗೆ ಅವರು ಇಬ್ಬರು. ಹೋದ ಸಲ ನಿಮಗೆ ತಪ್ಪು ಕಾಣದೆ ಹೋಗಿದ್ದಕ್ಕೂ ಇದೇ ಕಾರಣ ಇರಬಹುದು. ಗೋಷ್ಠಿಯ ಅಧ್ಯಕ್ಷರ ಹೆಸರು ಗೊತ್ತಾದ ಕೂಡಲೇ ಅವರಿಗೂ ಒಂದೊಂದು ಸಾಲು ಸೇರಿಸಿ, ಸೂತ್ರದ 88ನ್ನು 103 ಮಾಡಿ. ಮಾತಾಡುವವರನ್ನು ಎಲ್ಲರೂ ಪರೀಕ್ಷೆ ಮಾಡುತ್ತಾರೆ. ಅಧ್ಯಕ್ಷರು ಅದೇ ಹೊತ್ತಿಗೆ ಪಕ್ಕದ ಹಾಲ್‌ನಲ್ಲಿ ಮಾತಾಡಬೇಕು ಅನ್ನುವುದು ಆ ದಿನ ಬೆಳಗ್ಗೆ ಗೊತ್ತಾಗುತ್ತದೆ.

ಎಲ್ಲ ಕೂತ ಮೇಲೆ ಪ್ರತಿ ಸಾರಾಂಶಕ್ಕೂ ಅಚ್ಚಾಗುವ ಗುರುತು ಕೊಡಿ. 4B-3 ಅಂದರೆ ನಾಲ್ಕನೇ ಅವಧಿ, B ಹಾಲ್, ಮೂರನೆಯವರು. ಪೋಸ್ಟರ್‌ಗಳಿಗೆ P01ರಿಂದ P14. ಬರೀ 2-3 ಅಂತ ಗುರುತು ಇಡಬೇಡಿ, ಎಕ್ಸೆಲ್ ಅದನ್ನು ತಾರೀಖು ಮಾಡುತ್ತದೆ. ಐದು ಹಾಲ್ ಇದ್ದು 3E2 ಥರದ ಗುರುತು ಕೊಟ್ಟರೆ ಅದು ಮುನ್ನೂರು ಅನ್ನುವ ಸಂಖ್ಯೆ ಆಗಿಬಿಡುತ್ತದೆ. ನಡುವೆ ಗೆರೆ ಇರಲಿ.

ಈಗ ಪುಸ್ತಿಕೆ. ಸಾರಾಂಶಗಳು ಗೋಷ್ಠಿಯ ಕ್ರಮದಲ್ಲೇ ಇರಲಿ, ಲೇಖಕರ ಹೆಸರಿನ ಅಕಾರಾದಿ ಬೇಡ. ಹಾಲ್‌ನಲ್ಲಿ ಕೂತವರು ಪುಟ ತಿರುವಿದರೆ ಮುಂದಿನ ಮಾತುಗಾರರು ಸಿಗಬೇಕು. ಪ್ರತಿ ಸಾರಾಂಶದಲ್ಲೂ ಐದೇ ಭಾಗ, ಇದೇ ಕ್ರಮ: ಗುರುತು, ಶೀರ್ಷಿಕೆ, ಲೇಖಕರು, ಸಂಸ್ಥೆ, ಪಠ್ಯ. ಡಾ., ಪ್ರೊ. ಎಲ್ಲ ತೆಗೆಯಿರಿ. ಒಬ್ಬರಿಗೆ ಹಾಕಿ ಇನ್ನೊಬ್ಬರಿಗೆ ಬಿಟ್ಟರೆ ಫೋನ್ ಬರುತ್ತದೆ, ಯಾರಿಗೂ ಹಾಕದಿದ್ದರೆ ಬರುವುದಿಲ್ಲ. ಮಂಡಿಸುವವರ ಹೆಸರಿನ ಕೆಳಗೆ ಗೆರೆ. ಸಂಸ್ಥೆಗೆ ವಿಭಾಗ, ಸಂಸ್ಥೆಯ ಹೆಸರು, ಊರು, ಇಷ್ಟು ಸಾಕು. ಪಿನ್‌ಕೋಡ್, ಫೋನ್ ನಂಬರ್ ಬೇಡ. ಶೀರ್ಷಿಕೆಯ ಕೊನೆಗೆ ಚುಕ್ಕಿ ಬೇಡ. ಇಂಗ್ಲಿಷ್ ಶೀರ್ಷಿಕೆ ಪೂರ್ತಿ ದೊಡ್ಡಕ್ಷರದಲ್ಲಿ ಬಂದಿದ್ದರೆ ಗುಂಡಿ ಒತ್ತಿ ಸಣ್ಣಕ್ಷರ ಮಾಡಿ ಬಿಡಬೇಡಿ, ಒಂದೊಂದನ್ನೂ ಓದಿ. ಇಲ್ಲದಿದ್ದರೆ pH ಇದ್ದದ್ದು ph ಆಗಿ ಕೂತಿರುತ್ತದೆ. 250 ಪದ ದಾಟಿದ್ದನ್ನು ನೀವು ಕತ್ತರಿಸಬೇಡಿ, ತಾರೀಖು ಹೇಳಿ ಲೇಖಕರಿಗೇ ವಾಪಸ್ ಕಳಿಸಿ.

ಈ ಐದು ಭಾಗಕ್ಕೆ ವರ್ಡ್‌ನಲ್ಲಿ ಐದು ಸ್ಟೈಲ್ ಮಾಡಿಟ್ಟುಕೊಳ್ಳಿ. ಫಾಂಟು, ಅಳತೆ, ಸಾಲಿನ ನಡುವಿನ ಜಾಗ ಎಲ್ಲ ಸ್ಟೈಲ್‌ನ ಒಳಗೇ ಇರಲಿ. ಕೈಯಲ್ಲಿ ಬೋಲ್ಡ್ ಮಾಡುವುದು, ಎಂಟರ್ ಒತ್ತಿ ಜಾಗ ಬಿಡುವುದು ಬೇಡ. ಮೊದಲ ನಾಲ್ಕು ಸ್ಟೈಲ್‌ಗಳಿಗೆ `Keep with next` ಹಾಕಿದರೆ ಶೀರ್ಷಿಕೆ ಒಂದು ಪುಟದ ಅಡಿಯಲ್ಲಿ, ಪಠ್ಯ ಮುಂದಿನ ಪುಟದಲ್ಲಿ ಆಗುವುದಿಲ್ಲ. ಪಠ್ಯದ ಸ್ಟೈಲ್‌ಗೆ `Keep lines together` ಹಾಕಿ.

ಹಾಳೆಯಲ್ಲೇ ಪಠ್ಯವನ್ನೂ ತುಂಬಿ ಮೇಲ್ ಮರ್ಜ್ ಮಾಡಬಹುದಲ್ಲ ಅಂತ ನಿಮಗೆ ಅನಿಸಬಹುದು. ನಾನೂ ಮಾಡಿ ನೋಡಿದ್ದೇನೆ. ಎಕ್ಸೆಲ್‌ನಿಂದ ವರ್ಡ್‌ಗೆ ಹೋಗುವಾಗ ಇಟಾಲಿಕ್, ಮೇಲಕ್ಷರ, ಕೆಳಕ್ಷರ ಎಲ್ಲ ಉದುರುತ್ತವೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಒಂದು ಕಾಲಂನಲ್ಲಿ ಉದ್ದ ಪಠ್ಯ ಇದೆಯೋ ಇಲ್ಲವೋ ಅಂತ ಮೇಲ್ ಮರ್ಜ್ ಮೊದಲ ಕೆಲವು ಸಾಲುಗಳನ್ನಷ್ಟೇ ನೋಡಿ ತೀರ್ಮಾನಿಸುತ್ತದೆ. ಆ ಸಾಲುಗಳಲ್ಲಿ ಚಿಕ್ಕ ಪಠ್ಯ ಇದ್ದರೆ ಕೆಳಗಿನ ಸಾರಾಂಶಗಳು 255 ಅಕ್ಷರಕ್ಕೆ ತುಂಡಾಗಬಹುದು. ಹೀಗೆ ತುಂಡಾದದ್ದನ್ನು ಗುರುತಿಸುವುದು ಸುಲಭ: ಎಲ್ಲ ಸಾರಾಂಶವೂ ಹೆಚ್ಚೂಕಡಿಮೆ ಒಂದೇ ಉದ್ದಕ್ಕೆ, ವಾಕ್ಯದ ನಡುವೆ ನಿಂತಿರುತ್ತವೆ. ಹಾಗಾಗಿ ಪಠ್ಯ ವರ್ಡ್ ಫೈಲಿನಲ್ಲೇ ಇರಲಿ. 137.docx ಅಂತ ಶಾಶ್ವತ ಸಂಖ್ಯೆಯ ಹೆಸರಲ್ಲಿ ಒಂದೊಂದು ಫೈಲ್. ಕ್ರಮ ಖಾಯಂ ಆದ ಮೇಲೆ ಒಂದು ಗೋಷ್ಠಿಗೆ ಐದು ಫೈಲ್‌ನಂತೆ ಸೇರಿಸುತ್ತಾ ಹೋಗಿ.

ಲೇಖಕರು ಕಳಿಸಿದ್ದನ್ನು ಸ್ಟೈಲ್‌ಗೆ ತರುವಾಗ ಒಂದು ಕಡೆ ತುಂಬ ಹುಷಾರಾಗಿರಬೇಕು. ಹಳೆ ಫಾರ್ಮ್ಯಾಟ್ ತೆಗೆಯುವ ಭರದಲ್ಲಿ ಬೇಕಾದ್ದೂ ಹೋಗುತ್ತದೆ. 10⁵ ಅನ್ನುವುದರ ಮೇಲಕ್ಷರ ಹೋದರೆ ಅದು 105. ಲಕ್ಷ ಇದ್ದದ್ದು ನೂರೈದಾಯಿತು, ನೋಡಿದರೆ ತಪ್ಪು ಅಂತ ಅನಿಸುವುದೇ ಇಲ್ಲ. ನಾನು ಅದಕ್ಕೆ ಶುದ್ಧ ಮಾಡುವ ಮುಂಚೆಯೇ ಗುರುತು ಹಾಕಿಕೊಳ್ಳುತ್ತೇನೆ. ವರ್ಡ್‌ನ ಫೈಂಡ್‌ನಲ್ಲಿ ಪದ ಏನೂ ಬರೆಯದೆ ಫಾರ್ಮ್ಯಾಟ್ ಮಾತ್ರ ಇಟಾಲಿಕ್ ಅಂತ ಕೊಟ್ಟು, ರಿಪ್ಲೇಸ್‌ನಲ್ಲಿ ಹೀಗೆ ಬರೆಯಿರಿ:

```
§§^&§§
```

ಇಟಾಲಿಕ್ ಇದ್ದಲ್ಲೆಲ್ಲ ಎರಡೂ ಬದಿಗೆ ಗುರುತು ಬೀಳುತ್ತದೆ. ಇನ್ನು ಧೈರ್ಯವಾಗಿ ಶುದ್ಧ ಮಾಡಿ, ಸ್ಟೈಲ್ ಹಾಕಿ. ಆಮೇಲೆ ಫೈಂಡ್‌ಗೆ ಕೊಟ್ಟಿದ್ದ ಇಟಾಲಿಕ್ ತೆಗೆದು, `Use wildcards` ಟಿಕ್ ಹಾಕಿ ಫೈಂಡ್‌ನಲ್ಲಿ `§§(*)§§`, ರಿಪ್ಲೇಸ್‌ನಲ್ಲಿ `\1` ಕೊಟ್ಟು ಅದರ ಫಾರ್ಮ್ಯಾಟ್ ಇಟಾಲಿಕ್ ಮಾಡಿದರೆ ಎಲ್ಲ ವಾಪಸ್ ಬರುತ್ತದೆ. ಮೇಲಕ್ಷರ, ಕೆಳಕ್ಷರಗಳಿಗೆ ಬೇರೆ ಬೇರೆ ಗುರುತು ಇಟ್ಟುಕೊಂಡು ಹೀಗೇ ಮಾಡಿ.

ಆದರೆ ಈ ಉಪಾಯಕ್ಕೂ ಸಿಗದ್ದು ಒಂದಿದೆ, ನನಗೆ ಅದರಿಂದ ಚೆನ್ನಾಗಿ ಪಾಠವಾಗಿದೆ. ಹಳೆಯ ಫೈಲ್‌ಗಳಲ್ಲಿ ಮೈಕ್ರೋಗ್ರಾಂ ಬರೆಯಲು `Symbol` ಅನ್ನುವ ಫಾಂಟಿನಲ್ಲಿ m ಒತ್ತಿರುತ್ತಾರೆ. ಆ ಫಾಂಟಿನಲ್ಲಿ ಅದು µ ಆಗಿ ಕಾಣುತ್ತದೆ. ನಾವು ಇಡೀ ಪಠ್ಯಕ್ಕೆ ನಮ್ಮ ಫಾಂಟು ಹಾಕಿದ ಕೂಡಲೇ ಅದು ಮತ್ತೆ m ಆಗುತ್ತದೆ. ಒಂದು ಪುಸ್ತಿಕೆಯಲ್ಲಿ ನಾನು ಹೀಗೇ ‘40 µg’ ಇದ್ದದ್ದನ್ನು ‘40 mg’ ಅಂತ ಅಚ್ಚು ಹಾಕಿಸಿದೆ. ಸಾವಿರ ಪಟ್ಟು ಜಾಸ್ತಿ. ಪ್ರೂಫ್ ಓದಿದವರು ಮೂವರು, ಯಾರಿಗೂ ಕಾಣಲಿಲ್ಲ. ಕಾಣುವುದಾದರೂ ಹೇಗೆ, mg ಅನ್ನುವುದು ಕಾಗುಣಿತದ ತಪ್ಪಲ್ಲವಲ್ಲ. ಲೇಖಕಿ ವೇದಿಕೆ ಮೇಲೆ ನಿಂತು ನಗುತ್ತಲೇ ತಿದ್ದಿದರು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಅಂದಿನಿಂದ ಶುದ್ಧ ಮಾಡುವ ಮುಂಚೆ ಪ್ರತಿ ಫೈಲಿನಲ್ಲೂ `Symbol` ಫಾಂಟನ್ನೇ ಹುಡುಕುತ್ತೇನೆ. ಕೊನೆಯ ಪ್ರೂಫಿನಲ್ಲಿ mg ಇರುವ ಪ್ರತಿ ಸಾಲನ್ನೂ ಲೇಖಕರ ಮೂಲ ಪಿಡಿಎಫ್ ಜೊತೆ ಇಟ್ಟು ನೋಡುತ್ತೇನೆ. ಅದಕ್ಕೇ ಸಾರಾಂಶ ತರಿಸುವಾಗ ವರ್ಡ್ ಜೊತೆ ಪಿಡಿಎಫ್ ಕೂಡ ಕೇಳಿ.

ಹೆಸರಿನ ಪಟ್ಟಿಗೆ ಪುಟ ಸಂಖ್ಯೆ ಕೊಡುವುದನ್ನೇ ಬಿಟ್ಟುಬಿಡಿ. ಹೆಸರಿನ ಮುಂದೆ 4B-3 ಅಂತ ಗುರುತು ಹಾಕಿ. ಸಾರಾಂಶಗಳು ಗುರುತಿನ ಕ್ರಮದಲ್ಲೇ ಇರುವುದರಿಂದ ಹುಡುಕುವುದು ಸುಲಭ, ಅದೇ ಗುರುತಿನಿಂದ ಹಾಲ್ ಮತ್ತು ಅವಧಿಯೂ ತಿಳಿಯುತ್ತದೆ. ಕೊನೆ ದಿನ ಒಂದು ಸಾರಾಂಶ ಎರಡು ಸಾಲು ಉದ್ದವಾಗಿ ಪುಟಗಳೆಲ್ಲ ಜರುಗಿದರೂ ಪಟ್ಟಿಗೆ ಏನೂ ಆಗುವುದಿಲ್ಲ. ಇದಕ್ಕೆ ಎಕ್ಸೆಲ್‌ನಲ್ಲಿ ಎರಡನೇ ಹಾಳೆ ಬೇಕು. ಅಲ್ಲಿ ಒಂದು ಸಾಲಿಗೆ ಒಬ್ಬ ಲೇಖಕರು, ಪಕ್ಕದಲ್ಲಿ ಸಾರಾಂಶದ ಶಾಶ್ವತ ಸಂಖ್ಯೆ. ಗುರುತನ್ನು ಮೊದಲ ಹಾಳೆಯಿಂದ `VLOOKUP` ಮೂಲಕ ತರಿಸಿ. ಹೆಸರಿನ ಪ್ರಕಾರ ಸಾರ್ಟ್ ಮಾಡುವಾಗ ಇಡೀ ಹಾಳೆ ಆಯ್ಕೆಯಾಗಿದೆಯಾ ಅಂತ ನೋಡಿಕೊಳ್ಳಿ. ಒಂದೇ ಕಾಲಂ ಸಾರ್ಟ್ ಆದರೆ ಯಾರದ್ದೋ ಹೆಸರಿಗೆ ಯಾರದ್ದೋ ಸಾರಾಂಶ ಅಂಟಿಕೊಳ್ಳುತ್ತದೆ.

ಪುಟಗಳ ಲೆಕ್ಕವನ್ನು ಪ್ರೆಸ್‌ಗೆ ಹೋಗುವ ಮುಂಚೆಯೇ ಮಾಡಿಕೊಳ್ಳಿ. ನಡುವೆ ಪಿನ್ ಹೊಡೆಯುವ ಪುಸ್ತಿಕೆಯ ಪುಟಗಳು ನಾಲ್ಕರ ಗುಣಕದಲ್ಲಿ ಇರಬೇಕು. ಎ4 ಪುಟಕ್ಕೆ ಎರಡು ಸಾರಾಂಶ, ಪ್ರತಿ ಗೋಷ್ಠಿ ಹೊಸ ಪುಟದಿಂದ ಅಂದುಕೊಂಡರೆ ಐದು ಜನರ ಗೋಷ್ಠಿಗೆ ಮೂರು ಪುಟ, ನಾಲ್ಕು ಜನರದ್ದಕ್ಕೆ ಎರಡು. 39 ಮತ್ತು 4 ಸೇರಿ 43, ಪೋಸ್ಟರ್‌ಗೆ 7, ಒಟ್ಟು 50. ಮುಖಪುಟ, ವೇಳಾಪಟ್ಟಿ, ಹೆಸರಿನ ಪಟ್ಟಿ ಎಲ್ಲ 10 ಪುಟದೊಳಗೆ ಮುಗಿಸಿದರೆ ಸರಿಯಾಗಿ 60. ಐದು ಜನರ ಗೋಷ್ಠಿಯ ಕೊನೆಗೆ ಅರ್ಧ ಪುಟ ಖಾಲಿ ಉಳಿಯುತ್ತದೆ. ಅದನ್ನು ತುಂಬಲು ಹೋಗಬೇಡಿ, ಜನ ಟಿಪ್ಪಣಿ ಬರೆದುಕೊಳ್ಳುತ್ತಾರೆ. ವೇಳಾಪಟ್ಟಿ ಹಿಂಬದಿಯ ರಕ್ಷಾಪುಟದ ಮೇಲೆ ಇರಲಿ, ಪದೇ ಪದೇ ನೋಡುವುದು ಅದನ್ನೇ.

ಅಚ್ಚಿಗೆ ಕೊಡುವ ಮುಂಚೆ ಪ್ರತಿಯೊಬ್ಬರಿಗೂ ಅವರ ಸಾರಾಂಶ, ಗುರುತು, ಸಮಯ ಇಷ್ಟನ್ನೇ ಕಳಿಸಿ ಎರಡು ದಿನ ಕೊಡಿ. ಪೂರ್ತಿ ಪುಸ್ತಿಕೆ ಕಳಿಸಿದರೆ ಅವರು ತಮ್ಮದನ್ನು ಬಿಟ್ಟು ಉಳಿದದ್ದೆಲ್ಲ ಓದುತ್ತಾರೆ. ಕೊನೆಗೆ ಇಬ್ಬರು ಎದುರು ಬದುರು ಕೂತು, ಒಬ್ಬರು ವೇಳಾಪಟ್ಟಿಯಿಂದ ಗುರುತು ಮತ್ತು ಹೆಸರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಒಳಪುಟದಲ್ಲಿ ಟಿಕ್ ಹಾಕಲಿ. 73 ಟಿಕ್, ಮತ್ತೆ ಪೋಸ್ಟರ್‌ಗೆ 14.

ಅಚ್ಚಾದ ಮೇಲೆ ಯಾರಾದರೂ ಬರುವುದಿಲ್ಲ ಅಂದರೆ ಉಳಿದವರನ್ನು ಮುಂದಕ್ಕೆ ಎಳೆಯಬೇಡಿ. 4B-2 ಬರದಿದ್ದರೆ 4B-3 ತನ್ನ ಸಮಯಕ್ಕೇ ಶುರುವಾಗಲಿ. ಪುಸ್ತಿಕೆ ನೋಡಿಕೊಂಡು ಪಕ್ಕದ ಹಾಲ್‌ನಿಂದ ಓಡಿ ಬರುವವರು ಇರುತ್ತಾರೆ. ಆ ಗುರುತನ್ನು ಬೇರೆಯವರಿಗೆ ಕೊಡಲೂ ಬೇಡಿ. ಬದಲಾವಣೆಗಳನ್ನು ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿ ಪುಸ್ತಿಕೆಯೊಳಗೆ ಇಡಿ, ಅದೇ ಚೀಟಿಯನ್ನು ಹಾಲ್‌ನ ಬಾಗಿಲಿಗೂ ಅಂಟಿಸಿ.